ಅರವತ್ತೈದು ಲಕ್ಷದ ಎಂಎಸ್: ಲಾಭ ಶುರುವಾಗುವುದು ಆರನೇ ವರ್ಷ

ಶಿಕ್ಷಣ ಮೇಳದ ಮಳಿಗೆಯಲ್ಲಿ ಕನ್ಸಲ್ಟೆನ್ಸಿಯವರು ಅಪ್ಪ-ಅಮ್ಮಂದಿರಿಗೆ ಒಪ್ಪಿಸುವ ಲೆಕ್ಕ ಎರಡೇ ಸಾಲಿನದು. ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಎಂಎಸ್ ಮುಗಿಸಲು 65 ಲಕ್ಷ ರೂಪಾಯಿ ಖರ್ಚು. ಮುಗಿದ ಮೇಲೆ ವರ್ಷಕ್ಕೆ 90 ಸಾವಿರ ಡಾಲರ್ ಸಂಬಳ, ಅಂದರೆ 81 ಲಕ್ಷ. ಒಂದೇ ವರ್ಷದಲ್ಲಿ ಹಾಕಿದ ದುಡ್ಡು ವಾಪಸ್, ಆಮೇಲೆ ಬಂದದ್ದೆಲ್ಲ ಲಾಭ.

ಈ ಲೆಕ್ಕದಲ್ಲಿ ಸುಳ್ಳು ಅಂಕಿ ಒಂದೂ ಇಲ್ಲ. 65 ಲಕ್ಷವೂ ನಿಜ, 90 ಸಾವಿರ ಡಾಲರೂ ಅಸಾಧ್ಯವೇನಲ್ಲ. ಆದರೆ ತೆರಿಗೆ, ಮನೆ ಬಾಡಿಗೆ, ಬ್ಯಾಂಕಿನ ಬಡ್ಡಿ ಅದರಲ್ಲಿ ಎಲ್ಲೂ ಕಾಣುವುದಿಲ್ಲ. ಅವನ್ನು ಸೇರಿಸಿಕೊಂಡರೂ ದೊಡ್ಡದೊಂದು ವಿಷಯ ಹೊರಗೇ ಉಳಿಯುತ್ತದೆ. ಡಿಗ್ರಿ ಸಿಕ್ಕ ಮಾತ್ರಕ್ಕೆ ಆ ಸಂಬಳ ಕೈಗೆ ಬರುವುದಿಲ್ಲ. ಅಲ್ಲಿ ಕೆಲಸ ಮಾಡುವ ಅನುಮತಿ ಎಷ್ಟು ತಿಂಗಳು ಇರುತ್ತದೋ ಅಷ್ಟೇ ತಿಂಗಳು ಆ ಸಂಬಳ. ಆದ್ದರಿಂದ ವಿದೇಶದ ಡಿಗ್ರಿಯನ್ನು ಊರಿನ ಡಿಗ್ರಿಯ ಜೊತೆ ತೂಗುವಾಗ ವರ್ಷ ವರ್ಷದ ಲೆಕ್ಕವನ್ನೇ ಹಾಕಬೇಕು, ಅನುಮತಿ ಮುಗಿದ ಮರುದಿನ ಏನು ಎಂಬುದನ್ನೂ ಅದರೊಳಗೆ ತರಬೇಕು.

ಒಂದು ಉದಾಹರಣೆಯನ್ನು ಕೊನೆಯವರೆಗೂ ಬಿಡಿಸಿ ನೋಡೋಣ. ಹುಡುಗಿ ಕಾಲ್ಪನಿಕ, ಹೆಸರು ಚೈತ್ರಾ ಅಂತಿಟ್ಟುಕೊಳ್ಳಿ. ಹಾಸನದವಳು. ವಿಟಿಯು ಅಡಿಯ ಕಾಲೇಜಿನಲ್ಲಿ ಬಿಇ ಮುಗಿಸಿ ಬೆಂಗಳೂರಿನಲ್ಲಿ ವರ್ಷಕ್ಕೆ 7 ಲಕ್ಷದ ಕೆಲಸದಲ್ಲಿದ್ದಾಳೆ. ತಿಂಗಳಿಗೆ ಕೈಗೆ ಸಿಗುವುದು 52 ಸಾವಿರ. ತಂದೆ ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರು, ವಯಸ್ಸು 56. ಅವಳ ಮುಂದೆ ಎರಡು ದಾರಿ ಇವೆ. ಅಮೆರಿಕದ ಮಧ್ಯಮ ದರ್ಜೆಯ ಸರ್ಕಾರಿ ವಿಶ್ವವಿದ್ಯಾಲಯವೊಂದರಿಂದ ಎಂಎಸ್‌ಗೆ ಸೀಟು ಬಂದಿದೆ. ಅದನ್ನು ಬಿಟ್ಟರೆ ಗೇಟ್ ಅಂಕದ ಮೇಲೆ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಎಂ.ಟೆಕ್. ಎರಡೂ ಎರಡು ವರ್ಷದ ಓದು, ವಿಷಯವೂ ಒಂದೇ.

ಮೊದಲು ಊರಿನ ದಾರಿ, ಇದು ಬೇಗ ಮುಗಿಯುತ್ತದೆ. ಗೇಟ್ ಮೂಲಕ ಎಂ.ಟೆಕ್ ಸೇರಿದವರಿಗೆ ಕೇಂದ್ರ ಸರ್ಕಾರ ತಿಂಗಳಿಗೆ 12,400 ರೂಪಾಯಿ ವೇತನ ಕೊಡುತ್ತದೆ. ಎರಡು ವರ್ಷಕ್ಕೆ ಸುಮಾರು 3 ಲಕ್ಷ. ಫೀಸು, ಹಾಸ್ಟೆಲು, ಮೆಸ್ಸು ಎಲ್ಲ ಸೇರಿ ಮೂರೂವರೆ ಲಕ್ಷ ಆಗುತ್ತದೆ ಎಂದು ಹಿಡಿದರೆ ಕೈಯಿಂದ ಹೋಗುವುದು ಅರ್ಧ ಲಕ್ಷ. ಸಾಲ ಬೇಕಿಲ್ಲ. ಮುಗಿದ ಮೇಲೆ 14 ಲಕ್ಷದ ಕೆಲಸ ಸಿಕ್ಕಿತು ಎನ್ನೋಣ. ಕೈಗೆ ಬರುವ ಸುಮಾರು 98 ಸಾವಿರದಲ್ಲಿ ಬೆಂಗಳೂರಿನ ಖರ್ಚು ಕಳೆದು ತಿಂಗಳಿಗೆ 60 ಸಾವಿರ ಉಳಿಯಬಹುದು. ಸಂಬಳ ಸ್ವಲ್ಪ ಸ್ವಲ್ಪ ಏರುತ್ತ ಹೋದರೆ, ಓದಿಗೆ ಸೇರಿದ ದಿನದಿಂದ ಐದು ವರ್ಷ ತುಂಬುವ ಹೊತ್ತಿಗೆ ಅವಳ ಹೆಸರಿನಲ್ಲಿ ಸುಮಾರು 24 ಲಕ್ಷ ಇರುತ್ತದೆ.

ಇಲ್ಲೊಂದು ಮಾತು ಹೇಳಿಬಿಡಬೇಕು. ಅವಳು ಏನೂ ಓದದೆ ಈಗಿನ ಕೆಲಸದಲ್ಲೇ ಇದ್ದು ನಡುವೆ ಒಮ್ಮೆ ಕಂಪನಿ ಬದಲಿಸಿದರೂ ಐದು ವರ್ಷದಲ್ಲಿ 22 ಲಕ್ಷದ ಆಸುಪಾಸು ಉಳಿಸುತ್ತಾಳೆ. ಎಂ.ಟೆಕ್‌ನ ಲಾಭವೂ ಐದು ವರ್ಷದೊಳಗೆ ಕಣ್ಣಿಗೆ ಕಾಣುವಂಥದ್ದಲ್ಲ. ಸಂಬಳದ ಮೆಟ್ಟಿಲು ಎತ್ತರಕ್ಕೆ ಹೋಗಿರುತ್ತದೆ, ಅಷ್ಟೆ.

ಇನ್ನು ಅಮೆರಿಕ. ಡಾಲರಿಗೆ 90 ರೂಪಾಯಿ ಹಿಡಿಯೋಣ. ಎರಡು ವರ್ಷದ ಫೀಸು 40 ಸಾವಿರ ಡಾಲರ್. ಮೂರು ಜನ ಸೇರಿ ಮನೆ ಹಿಡಿದು, ಅಡುಗೆ ತಾವೇ ಮಾಡಿಕೊಂಡರೂ ಊಟ-ವಸತಿಗೆ 25 ಸಾವಿರ. ವಿಶ್ವವಿದ್ಯಾಲಯದ ಕಡ್ಡಾಯ ಆರೋಗ್ಯ ವಿಮೆಗೆ 5 ಸಾವಿರ. ಒಟ್ಟು 70 ಸಾವಿರ ಡಾಲರ್, ಅಂದರೆ 63 ಲಕ್ಷ. ವಿಮಾನದ ಟಿಕೆಟ್ಟು, 185 ಡಾಲರಿನ ವೀಸಾ ಶುಲ್ಕ, 350 ಡಾಲರಿನ ಸೆವಿಸ್ ಶುಲ್ಕ, ಲ್ಯಾಪ್‌ಟಾಪು, ಚಳಿಗಾಲದ ಬಟ್ಟೆ ಸೇರಿ ಇನ್ನೆರಡು ಲಕ್ಷ. ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ದುಡಿಯಲು ವಿದ್ಯಾರ್ಥಿ ವೀಸಾದಲ್ಲಿ ಅವಕಾಶ ಇದೆ. ಆ ಕೆಲಸ ಎಲ್ಲರಿಗೂ ಸಿಗುವುದಿಲ್ಲ, ಸಿಕ್ಕರೆ ಬೇಸಿಗೆಯ ಇಂಟರ್ನ್‌ಶಿಪ್ ಸೇರಿ 5 ಲಕ್ಷ ಬರಬಹುದು. ಮನೆಯವರು 10 ಲಕ್ಷ ಹಾಕುತ್ತಾರೆ. ಉಳಿದ 50 ಲಕ್ಷ ಸಾಲ.

ಸಾಲ ಎಂದ ಕೂಡಲೇ ಲೆಕ್ಕ ಹಾಸನಕ್ಕೆ ಬರುತ್ತದೆ. ಸರ್ಕಾರಿ ಬ್ಯಾಂಕು ಇಷ್ಟು ದೊಡ್ಡ ಮೊತ್ತಕ್ಕೆ ಆಸ್ತಿ ಅಡಮಾನ ಕೇಳುತ್ತದೆ. ಮೇಷ್ಟ್ರಿಗೆ ಊರಲ್ಲಿ ಎರಡು ಎಕರೆ ಜಮೀನಿದೆ, ಹಾಸನದಲ್ಲಿ ಮನೆ ಇದೆ. ಬ್ಯಾಂಕಿನಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

“ಜಮೀನು ಬೇಡ ಮೇಷ್ಟ್ರೇ, ವ್ಯವಸಾಯದ ಭೂಮಿ ನಮಗೆ ಆಗಲ್ಲ. ಮನೆ ಖಾತಾ ಯಾವುದು?”

“ಇ-ಖಾತಾ ಆಗಿದೆ ಸಾರ್.”

“ಎ ಖಾತಾನೋ, ಬಿ ಖಾತಾನೋ? ಬಿ ಆದ್ರೆ ಹೆಡ್ ಆಫೀಸ್‌ನವರು ಒಪ್ಪೋದು ಕಷ್ಟ.”

ವ್ಯವಸಾಯದ ಭೂಮಿ ಬ್ಯಾಂಕಿಗೆ ಬೇಡವಾಗುವುದಕ್ಕೆ ಕಾರಣ ಇದೆ. ಸಾಲ ಕೆಟ್ಟರೆ ಕೋರ್ಟಿಗೆ ಹೋಗದೆ ಅಡಮಾನವನ್ನು ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಸರ್ಫೇಸಿ ಕಾಯ್ದೆ ಅಧಿಕಾರ ಕೊಟ್ಟಿದೆ, ಆದರೆ ಅದು ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಒತ್ತೆಗೆ ಹೋಗುವುದು ಇರುವ ಮನೆ. ಮನೆಯ ಕಾಗದ ಸರಿಯಿಲ್ಲದವರು ಅಡಮಾನವಿಲ್ಲದೆ ಕೊಡುವ ಖಾಸಗಿ ಹಣಕಾಸು ಸಂಸ್ಥೆಗಳಿಗೆ ಹೋಗುತ್ತಾರೆ. ಅಲ್ಲಿ ಬಡ್ಡಿ ಒಂದೆರಡು ಪರ್ಸೆಂಟ್ ಹೆಚ್ಚು, ಓದುವಾಗಲೇ ತಿಂಗಳು ತಿಂಗಳು ಅಷ್ಟೋ ಇಷ್ಟೋ ಬಡ್ಡಿ ಕಟ್ಟಬೇಕಾಗುವುದೂ ಉಂಟು. ಸ್ಯಾಂಕ್ಷನ್ ಪತ್ರದಲ್ಲಿ ಬಡ್ಡಿದರದ ಪಕ್ಕದಲ್ಲೇ ಇನ್ನೊಂದನ್ನು ಹುಡುಕಬೇಕು: ಓದಿನ ಅವಧಿಯ ಬಡ್ಡಿ ಸರಳ ಬಡ್ಡಿಯೋ, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿಯೋ. ಸರ್ಕಾರಿ ಬ್ಯಾಂಕುಗಳಲ್ಲಿ ರೂಢಿಯಲ್ಲಿರುವುದು ಸರಳ ಬಡ್ಡಿ.

ಚೈತ್ರಾಳ ಸಾಲಕ್ಕೆ ಶೇ 10.5 ಸರಳ ಬಡ್ಡಿ, ನಾಲ್ಕು ಸೆಮಿಸ್ಟರಿಗೆ ನಾಲ್ಕು ಕಂತಿನಲ್ಲಿ ಬಿಡುಗಡೆ, ಓದು ಮುಗಿದ ಆರು ತಿಂಗಳಿಗೆ ಇಎಂಐ ಶುರು ಎಂದಿಟ್ಟುಕೊಂಡರೆ, ಆ ಹೊತ್ತಿಗೆ 50 ಲಕ್ಷ 59 ಲಕ್ಷವಾಗಿ ನಿಂತಿರುತ್ತದೆ. ಹತ್ತು ವರ್ಷಕ್ಕೆ ತೀರಿಸುವುದಾದರೆ ತಿಂಗಳಿಗೆ 79,600, ಹದಿನೈದು ವರ್ಷಕ್ಕಾದರೆ 65,200. ಈ ಎರಡು ಅಂಕಿಗಳನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ಸಾಲ ಮಂಜೂರಾಗುವುದು ರೂಪಾಯಿಯಲ್ಲಿ, ಫೀಸು ಕಟ್ಟುವುದು ಡಾಲರಿನಲ್ಲಿ ಎಂಬುದೂ ಮರೆಯಬಾರದು. ಓದುವ ನಡುವೆ ಡಾಲರು ಆರು ರೂಪಾಯಿ ಮೇಲೇರಿದರೆ ಉಳಿದ ಪ್ರತಿ ಸೆಮಿಸ್ಟರಿಗೂ ಲಕ್ಷದಷ್ಟು ಹಣ ಸಾಲದೇ ಬರುತ್ತದೆ. ಕೊನೆಯ ಸೆಮಿಸ್ಟರಿನಲ್ಲಿ ಅಮ್ಮನ ಒಡವೆ ಬ್ಯಾಂಕಿಗೆ ಹೋಗುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಈಗ ಎಲ್ಲವೂ ಸರಿಹೋದ ದಾರಿಯನ್ನು ನೋಡೋಣ. ಓದು ಮುಗಿದ ಮೂರು ತಿಂಗಳೊಳಗೆ 90 ಸಾವಿರ ಡಾಲರಿನ ಕೆಲಸ ಸಿಕ್ಕಿತು. ಅಲ್ಲಿನ ವಿದ್ಯಾರ್ಥಿ ವೀಸಾದವರಿಗೆ ಒಂದು ಅನುಕೂಲ ಇದೆ, ಮೇಳದ ಮಳಿಗೆಯವರೂ ಇದನ್ನು ಹೇಳುವುದು ಕಡಿಮೆ. ಮೊದಲ ಐದು ವರ್ಷ ಅವರ ಸಂಬಳದಿಂದ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ಬಾಬ್ತಿನ ಶೇ 7.65 ಕಡಿತ ಆಗುವುದಿಲ್ಲ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ ಭಾರತದ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ನೂ ಸಿಗುತ್ತದೆ, ಬೇರೆ ಬಹಳ ದೇಶದವರಿಗೆ ಅದಿಲ್ಲ. ಇವೆರಡನ್ನೂ ಗಣನೆಗೆ ತಗೊಂಡು, ಫೆಡರಲ್ ತೆರಿಗೆ, ರಾಜ್ಯದ ತೆರಿಗೆ, ವಿಮೆಯ ಪಾಲು ಕಳೆದರೆ ತಿಂಗಳಿಗೆ ಕೈಗೆ ಸುಮಾರು 6,100 ಡಾಲರ್. ಬಾಡಿಗೆಯಲ್ಲಿ ಒಂದು ಪಾಲು, ದಿನಸಿ, ಹಳೆಯ ಕಾರಿನ ಕಂತು ಮತ್ತು ವಿಮೆ, ಫೋನು, ವರ್ಷಕ್ಕೊಮ್ಮೆ ಊರಿನ ಟಿಕೆಟ್ಟು ಸೇರಿ ಖರ್ಚು 2,900. ಉಳಿಯುವುದು 3,200 ಡಾಲರ್.

90ರಿಂದ ಗುಣಿಸಬೇಕಾದ್ದು ಈ 3,200ನ್ನು ಮಾತ್ರ. ಸಂಬಳವನ್ನು ಗುಣಿಸಿದಾಗ ಬಂದ 81 ಲಕ್ಷಕ್ಕೂ ಉಳಿತಾಯವನ್ನು ಗುಣಿಸಿದಾಗ ಬರುವ ವರ್ಷಕ್ಕೆ ಮೂವತ್ತನಾಲ್ಕೂವರೆ ಲಕ್ಷಕ್ಕೂ ಅಜಗಜಾಂತರ. ಡಾಲರಿನಲ್ಲಿ ದುಡಿದು ಡಾಲರಿನಲ್ಲೇ ಖರ್ಚು ಮಾಡುವ ಹಣಕ್ಕೆ ರೂಪಾಯಿಯ ಬೆಲೆ ಕಟ್ಟುವುದರಲ್ಲಿ ಅರ್ಥವಿಲ್ಲ.

ತಿಂಗಳಿಗೆ 2.88 ಲಕ್ಷವನ್ನೂ ಸಾಲಕ್ಕೇ ಸುರಿದರೆ 59 ಲಕ್ಷ ತೀರಲು ಇಪ್ಪತ್ತಮೂರು ತಿಂಗಳು ಬೇಕು. ಹತ್ತು ವರ್ಷದ ಸಾಲ ಎರಡೇ ವರ್ಷದಲ್ಲಿ ತೀರುವುದು ದೊಡ್ಡ ಮಾತೇ, ಒಪ್ಪೋಣ. ಆದರೆ ಕೆಲಸ ಹುಡುಕುವ ತಿಂಗಳುಗಳ ಖರ್ಚು, ಮನೆಯ ಅಡ್ವಾನ್ಸು, ಕಾರಿಗೆ ಮೊದಲು ಕಟ್ಟುವ ಹಣ ಎಂದು ಏಳೆಂಟು ಲಕ್ಷ ಹೋಗಿರುತ್ತದೆ. ಮನೆಯವರು ಹಾಕಿದ 10 ಲಕ್ಷವೂ ಇದೆ. ಅದನ್ನೆಲ್ಲ ಕಳೆದು ಐದನೇ ವರ್ಷದ ಕೊನೆಯಲ್ಲಿ ನಿಂತು ನೋಡಿದರೆ ಕೈಯಲ್ಲಿ ಉಳಿದಿರುವುದು ಸುಮಾರು 15 ಲಕ್ಷ.

ಸುರತ್ಕಲ್ಲಿನ ದಾರಿಯಲ್ಲಿ ಇದ್ದದ್ದು 24 ಲಕ್ಷ. ಅಂದರೆ ಎಲ್ಲವೂ ಅಂದುಕೊಂಡಂತೆ ನಡೆದರೂ ಐದು ವರ್ಷದ ಕೊನೆಗೆ ಅಮೆರಿಕದ ಚೈತ್ರಾ ಊರಿನ ಚೈತ್ರಾಳಿಗಿಂತ ಒಂದು ಹೆಜ್ಜೆ ಹಿಂದೆಯೇ ಇರುತ್ತಾಳೆ. ಅವಳು ಮುಂದೆ ಹೋಗುವುದು ಆರನೇ ವರ್ಷದಿಂದ. ಆಮೇಲೆ ಬಹಳ ಬೇಗ ಹೋಗುತ್ತಾಳೆ, ವರ್ಷಕ್ಕೆ ಇಪ್ಪತ್ತು ಲಕ್ಷದ ಮೇಲೆ ಅಂತರ ಬೆಳೆಯುತ್ತದೆ. ಆದರೆ ಐದನೇ ವರ್ಷ ಮುಗಿಯುವುದಕ್ಕೂ ಅವಳ ಕೆಲಸದ ಅನುಮತಿ ಮುಗಿಯುವುದಕ್ಕೂ ಸರಿಹೋಗುತ್ತದೆ. ಇಡೀ ಲೆಕ್ಕದ ಗಂಟು ಇರುವುದು ಇಲ್ಲೇ.

ವಿದ್ಯಾರ್ಥಿ ವೀಸಾದಲ್ಲಿ ಓದಿದವರಿಗೆ ಡಿಗ್ರಿ ಮುಗಿದ ಮೇಲೆ ಹನ್ನೆರಡು ತಿಂಗಳು ಕೆಲಸ ಮಾಡಲು ಬಿಡುತ್ತಾರೆ, ಅದನ್ನು ಒಪಿಟಿ ಎನ್ನುತ್ತಾರೆ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಡಿಗ್ರಿಯಾದರೆ ಇನ್ನೂ 24 ತಿಂಗಳು ವಿಸ್ತರಣೆ. ಒಟ್ಟು ಮೂರು ವರ್ಷ. ಮೊದಲ ಹನ್ನೆರಡು ತಿಂಗಳಲ್ಲಿ 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ವಿಸ್ತರಣೆಯೂ ಸೇರಿದರೆ ಒಟ್ಟು 150 ದಿನ. ಈ ಮೂರು ವರ್ಷ ಕಂಪ್ಯೂಟರ್ ಸೈನ್ಸಿನವರಿಗೆ ತಾನಾಗಿ ಸಿಗುತ್ತದೆ ಎಂದುಕೊಂಡು ಬೇರೆ ಕೋರ್ಸಿಗೆ ಸೇರಿದವರು ಮೋಸ ಹೋಗಿದ್ದಾರೆ. ವಿಶ್ವವಿದ್ಯಾಲಯ ಕಳಿಸುವ ಐ-20 ಪತ್ರದಲ್ಲಿ ಕೋರ್ಸಿನ ಹೆಸರಿನ ಜೊತೆ ಒಂದು ಸಂಕೇತ ಸಂಖ್ಯೆ ಇರುತ್ತದೆ. ಕಂಪ್ಯೂಟರ್ ಸೈನ್ಸಿಗೆ ಅದು 11.0701. ಮ್ಯಾನೇಜ್‌ಮೆಂಟ್ ಕಡೆ ವಾಲಿದ ಎಷ್ಟೋ ಕೋರ್ಸುಗಳ ಹೆಸರಿನಲ್ಲಿ ‘ಟೆಕ್ನಾಲಜಿ’ ಇದ್ದರೂ ಸಂಕೇತ ಸಂಖ್ಯೆ ವಿಸ್ತರಣೆಯ ಪಟ್ಟಿಯಲ್ಲಿ ಇರುವುದಿಲ್ಲ. ಅಂಥವರಿಗೆ ಹನ್ನೆರಡೇ ತಿಂಗಳು. ಸಾಲ ತೀರಲು ಇಪ್ಪತ್ತಮೂರು ತಿಂಗಳು ಬೇಕಿತ್ತು ಎಂಬುದನ್ನು ಇಲ್ಲಿ ನೆನೆಸಿಕೊಳ್ಳಿ.

ಮೂರು ವರ್ಷದ ಮೇಲೂ ಅಲ್ಲಿ ನಿಂತು ದುಡಿಯಲು ಬಹುಪಾಲು ಜನರಿಗೆ ಇರುವ ದಾರಿ ಎಚ್-1ಬಿ. ಅದಕ್ಕೆ ವರ್ಷಕ್ಕೆ 85 ಸಾವಿರದ ಮಿತಿ: ಎಲ್ಲರಿಗೂ 65 ಸಾವಿರ, ಅಮೆರಿಕದಲ್ಲೇ ಸ್ನಾತಕೋತ್ತರ ಓದಿದವರಿಗೆ ಇನ್ನೂ 20 ಸಾವಿರ. ಕಂಪನಿ ಮಾರ್ಚ್‌ನಲ್ಲಿ ಹೆಸರು ನೋಂದಾಯಿಸುತ್ತದೆ, ಲಾಟರಿ ಎತ್ತುತ್ತಾರೆ, ಬಂದವರು ಅಕ್ಟೋಬರ್ 1ರಿಂದ ಆ ವೀಸಾದ ಮೇಲೆ ಕೆಲಸ ಮಾಡಬಹುದು. 2025ರ ಮಾರ್ಚ್‌ನ ಲಾಟರಿಯಲ್ಲಿ ಸುಮಾರು 3.44 ಲಕ್ಷ ಅರ್ಹ ಹೆಸರುಗಳಿದ್ದವು, ಆಯ್ಕೆಯಾದದ್ದು 1.20 ಲಕ್ಷ. ನೂರಕ್ಕೆ ಮೂವತ್ತೈದು. ಮೂರು ವರ್ಷದಲ್ಲಿ ಮೂರು ಸಲ ಹೆಸರು ಹಾಕಿದರೆ, ಮೂರು ಸಲವೂ ತಪ್ಪಿಹೋಗುವ ಸಾಧ್ಯತೆ ಕಾಲು ಭಾಗದ ಮೇಲೆ ಸ್ವಲ್ಪ.

ಈ ಲೆಕ್ಕವೂ ಈಗ ಹಳತಾಯಿತು. 2025ರ ಡಿಸೆಂಬರ್‌ನಲ್ಲಿ ಹೊರಟ ಹೊಸ ನಿಯಮದಂತೆ ಲಾಟರಿಯಲ್ಲಿ ಎಲ್ಲರ ಚೀಟಿಗೂ ಒಂದೇ ತೂಕ ಇಲ್ಲ. ಆಯಾ ಊರಿನಲ್ಲಿ ಆ ಕೆಲಸಕ್ಕೆ ಇರುವ ಸಂಬಳದ ನಾಲ್ಕು ಮಟ್ಟಗಳಲ್ಲಿ ಮೇಲಿನ ಮಟ್ಟದವರ ಹೆಸರು ನಾಲ್ಕು ಸಲ, ಕೆಳಗಿನ ಮಟ್ಟದವರದ್ದು ಒಂದೇ ಸಲ ಸೇರುತ್ತದೆ. ಈಗಷ್ಟೇ ಎಂಎಸ್ ಮುಗಿಸಿದವರು ಸಾಮಾನ್ಯವಾಗಿ ಒಂದನೇ ಅಥವಾ ಎರಡನೇ ಮಟ್ಟದಲ್ಲಿ ಇರುತ್ತಾರೆ. ಅಲ್ಲಿನ ಸರ್ಕಾರದ ಅಂದಾಜಿನ ಪ್ರಕಾರವೇ ಒಂದನೇ ಮಟ್ಟದವರಿಗೆ ಅವಕಾಶ ಸುಮಾರು ಶೇ 15, ಎರಡನೆಯವರಿಗೆ ಶೇ 31. ಮೂರು ಸಲದ ಪ್ರಯತ್ನ ಸೇರಿಸಿದರೆ ಒಂದನೇ ಮಟ್ಟದ ನೂರು ಜನರಲ್ಲಿ 39 ಮಂದಿಗೆ, ಎರಡನೇ ಮಟ್ಟದ ನೂರರಲ್ಲಿ 67 ಮಂದಿಗೆ ಸಿಕ್ಕೀತು. ಅದೂ ಮೂರು ವರ್ಷವೂ ಕೆಲಸ ಹೋಗದೆ ಇದ್ದು, ಕಂಪನಿ ಪ್ರತಿ ವರ್ಷ ತಪ್ಪದೆ ಹೆಸರು ಹಾಕಿದರೆ.

“ಸಿಗದಿದ್ದರೆ ಊರಿಗೆ ಬಂದು, ಆಮೇಲೆ ಮತ್ತೆ ಹೋದರಾಯಿತು” ಎನ್ನುವವರಿದ್ದಾರೆ. ಆ ಬಾಗಿಲನ್ನೂ ಕಿರಿದು ಮಾಡಿದ್ದಾರೆ. 2025ರ ಸೆಪ್ಟೆಂಬರ್‌ನ ಅಧ್ಯಕ್ಷೀಯ ಆದೇಶ, ಅಮೆರಿಕದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹಾಕಿತು. ಅಲ್ಲಿದ್ದುಕೊಂಡೇ ವಿದ್ಯಾರ್ಥಿ ವೀಸಾದಿಂದ ಎಚ್-1ಬಿಗೆ ಬದಲಾಗುವವರಿಗೆ ಇದು ಅನ್ವಯಿಸುವುದಿಲ್ಲ ಎಂದು ವಲಸೆ ಇಲಾಖೆ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿತು. ಅಲ್ಲಿಂದ ಹೊರಗೆ ಕಾಲಿಟ್ಟ ಫ್ರೆಶರ್ ಒಬ್ಬಳಿಗಾಗಿ 90 ಲಕ್ಷ ರೂಪಾಯಿ ಶುಲ್ಕ ಕಟ್ಟುವ ಕಂಪನಿ ಸಿಗುವುದು ಕನಸು. ಈ ಆದೇಶ ನಾಳೆ ಸಡಿಲವಾಗಬಹುದು, ಇನ್ನೊಂದು ಬಿಗಿಯಾಗಬಹುದು. ಒಪಿಟಿಯ ಮೂರು ವರ್ಷವೇ ಅಲ್ಲಿನ ಸಂಸತ್ತು ಮಾಡಿದ ಕಾನೂನಲ್ಲ, ಇಲಾಖೆಯ ನಿಯಮ. ಸಾಲ ಹದಿನೈದು ವರ್ಷದ್ದು, ನಿಯಮಕ್ಕೆ ಅಷ್ಟು ಆಯುಸ್ಸಿಲ್ಲ.

ಈಗ ಚೈತ್ರಾಳಂಥ ಇಪ್ಪತ್ತು ಜನರನ್ನು ಒಟ್ಟಿಗೆ ಕಳಿಸಿ ನೋಡೋಣ. ಹದಿನಾಲ್ಕು ಜನರಿಗೆ ಸಮಯಕ್ಕೆ ಸರಿಯಾಗಿ ಓದಿಗೆ ತಕ್ಕ ಕೆಲಸ ಸಿಗುತ್ತದೆ, ಅವರಲ್ಲಿ ಅರ್ಧ ಜನಕ್ಕೆ, ಅಂದರೆ ಏಳು ಜನಕ್ಕೆ ಎಚ್-1ಬಿ ಬರುತ್ತದೆ ಎಂಬುದು ನನ್ನ ಊಹೆ. ನಿಮಗೆ ಬೇರೆ ಅನ್ನಿಸಿದರೆ ಅಂಕಿ ಬದಲಿಸಿಕೊಳ್ಳಿ, ಲೆಕ್ಕ ಮಾಡುವ ವಿಧಾನ ಅದೇ.

ಎಚ್-1ಬಿ ಬಂದ ಏಳು ಜನ ಹತ್ತನೇ ವರ್ಷದ ಹೊತ್ತಿಗೆ, ಸುರತ್ಕಲ್ಲಿನ ದಾರಿ ಹಿಡಿದಿದ್ದರೆ ಇರುತ್ತಿದ್ದುದಕ್ಕಿಂತ ಒಂದು ಕೋಟಿಯಷ್ಟು ಮುಂದಿರುತ್ತಾರೆ. ಮೂರು ವರ್ಷ ದುಡಿದು ಸಾಲ ತೀರಿಸಿ ವಾಪಸ್ ಬಂದ ಏಳು ಜನ ಹೆಚ್ಚುಕಡಿಮೆ ಸರಿಸಮ: ಅಲ್ಲಿನ ಅನುಭವಕ್ಕೆ ಬೆಂಗಳೂರಿನಲ್ಲಿ ಬೆಲೆ ಇದೆ, ಹಿಂದೆ ಬಿದ್ದ ಒಂಬತ್ತು ಲಕ್ಷ ಸಂಬಳದಲ್ಲಿ ಸರಿಹೋಗುತ್ತದೆ.

ಉಳಿದ ಆರು ಜನರ ಬಗ್ಗೆ ಮೇಳದಲ್ಲಿ ಯಾರೂ ಮಾತಾಡುವುದಿಲ್ಲ. 90 ದಿನದೊಳಗೆ ಕೆಲಸ ಸಿಗದೆ ಬಂದವರು ಇವರು. ಹೆಸರಾಂತ ವಿಶ್ವವಿದ್ಯಾಲಯವಲ್ಲದಿದ್ದರೆ ಅಲ್ಲಿನ ಎಂಎಸ್‌ಗೆ ಬೆಂಗಳೂರಿನಲ್ಲಿ ಪ್ರತ್ಯೇಕ ಮರ್ಯಾದೆ ಏನಿಲ್ಲ. ಎರಡು ವರ್ಷದ ಹಳೇ ಅನುಭವದ ಮೇಲೆ 10 ಲಕ್ಷದ ಕೆಲಸ ಸಿಕ್ಕರೆ ಪುಣ್ಯ. ಕೈಗೆ ಸುಮಾರು 75 ಸಾವಿರ. ಹತ್ತು ವರ್ಷದ ಇಎಂಐ 79,600, ಪೂರ್ತಿ ಸಂಬಳ ಕೊಟ್ಟರೂ ಸಾಲದು. ಹದಿನೈದು ವರ್ಷಕ್ಕೆ ಹಿಗ್ಗಿಸಿದರೆ 65,200. ಉಳಿದ ಹತ್ತು ಸಾವಿರದಲ್ಲಿ ಬೆಂಗಳೂರಿನಲ್ಲಿ ಪಿಜಿ ಬಾಡಿಗೆಯೂ ಆಗುವುದಿಲ್ಲ. ಎರಡೂವರೆ ವರ್ಷ ತಪ್ಪದೆ ಕಟ್ಟಿದ ಮೇಲೂ ಅಸಲಿನಲ್ಲಿ ಕರಗಿರುವುದು ಐದು ಲಕ್ಷಕ್ಕೂ ಕಡಿಮೆ. ಮೇಷ್ಟ್ರು ಸಹಸಾಲಗಾರರು. ಕಂತು ಶುರುವಾದಾಗ ಅವರಿಗೆ ಐವತ್ತೆಂಟು ದಾಟಿರುತ್ತದೆ, ಅರವತ್ತಕ್ಕೆ ನಿವೃತ್ತಿ. ನಿವೃತ್ತಿಯಲ್ಲಿ ಬಂದ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಈ ಆರು ಜನ ಸುರತ್ಕಲ್ಲಿನ ದಾರಿಗಿಂತ 90 ಲಕ್ಷದಷ್ಟು ಹಿಂದೆ.

ಇಪ್ಪತ್ತೂ ಜನರ ಲಾಭ-ನಷ್ಟ ಕೂಡಿ ಹಂಚಿದರೆ ತಲೆಗೆ ಎಂಟು ಲಕ್ಷ ಲಾಭ. ಹತ್ತು ವರ್ಷಕ್ಕೆ. ಕೆಲಸ ಸಿಗದವರು ಆರರ ಬದಲು ಎಂಟಾಗಿ, ಎಚ್-1ಬಿ ಬಂದವರು ಏಳರ ಬದಲು ಆರಾದರೆ ಅದೇ ಲೆಕ್ಕ ತಲೆಗೆ ಆರು ಲಕ್ಷ ನಷ್ಟ ತೋರಿಸುತ್ತದೆ. ನೇಮಕಾತಿ ಒಂದು ವರ್ಷ ಮಂಕಾದರೆ ಸಾಕು, ಇಷ್ಟು ವ್ಯತ್ಯಾಸ ಆಗಲು. ಇನ್ನು ಈ ಎಂಟು ಲಕ್ಷ ಯಾರ ಮನೆಗೂ ಹೋಗುವುದಿಲ್ಲ. ಒಂದು ಮನೆಗೆ ಕೋಟಿ ಬರುತ್ತದೆ, ಇನ್ನೊಂದು ಮನೆಯ ಪತ್ರ ಬ್ಯಾಂಕಿನ ಲಾಕರಿನಲ್ಲೇ ಉಳಿಯುತ್ತದೆ.

ಹಾಗಾಗಿ ಸರಾಸರಿಗಿಂತ ಆ ಆರನೆಯವಳ ಸ್ಥಿತಿಯನ್ನು ಮನೆ ತಡೆದುಕೊಳ್ಳುತ್ತದೆಯೇ ಎಂದು ನೋಡುವುದೇ ನನಗೆ ಸರಿಯಾದ ತಕ್ಕಡಿ ಅನ್ನಿಸುತ್ತದೆ. ಇದಕ್ಕೆ ಸುಲಭದ ಒಂದು ಅಳತೆ ಇದೆ. ನಾಳೆಯೇ ವಾಪಸ್ ಬಂದರೆ ಬೆಂಗಳೂರಿನಲ್ಲಿ ಸಿಗಬಹುದಾದ ಸಂಬಳವನ್ನು ಹಿಡಿಯಿರಿ. ಕೈಗೆ ಬರುವ ಹಣದ ಮೂರನೇ ಒಂದು ಪಾಲಿಗಿಂತ ಇಎಂಐ ಹೆಚ್ಚಿರಬಾರದು. ಚೈತ್ರಾಳ 75 ಸಾವಿರಕ್ಕೆ ಇಎಂಐ 25 ಸಾವಿರ. ಹದಿನೈದು ವರ್ಷದ ಅವಧಿಗೆ ಇಷ್ಟು ಇಎಂಐ ಹೊರುವ ಸಾಲ, ಓದುವಾಗಿನ ಬಡ್ಡಿಯೂ ಸೇರಿ 22 ಲಕ್ಷದ ಮೇಲೆ ಸ್ವಲ್ಪ. ಅಂದರೆ ಅವಳು ತೆಗೆಯಬಹುದಾದ ಸಾಲ 19 ಲಕ್ಷ. ಬೇಕಿರುವುದು 50. ನಡುವಿನ 31 ಲಕ್ಷವನ್ನು ಮನೆಯವರು ಕಳೆದುಕೊಂಡರೂ ಪರವಾಗಿಲ್ಲ ಎನ್ನುವ ಹಣದಿಂದ ತುಂಬಬೇಕು, ಇಲ್ಲವೇ ವಿಶ್ವವಿದ್ಯಾಲಯ ತುಂಬಬೇಕು.

ವಿಶ್ವವಿದ್ಯಾಲಯ ತುಂಬುವುದೆಂದರೆ ಅಸಿಸ್ಟೆಂಟ್‌ಶಿಪ್. ಪಾಠಕ್ಕೋ ಸಂಶೋಧನೆಗೋ ನೆರವಾಗುವ ಕೆಲಸ ಕೊಟ್ಟು ಫೀಸು ಮನ್ನಾ ಮಾಡಿ ಮೇಲೆ ತಿಂಗಳಿಗಿಷ್ಟು ಕೊಡುತ್ತಾರೆ. ಪಿಎಚ್‌ಡಿಯವರಿಗೆ ಇದು ಸಹಜವಾಗಿ ಸಿಗುತ್ತದೆ, ಎಂಎಸ್‌ನವರಿಗೆ ಅಪರೂಪ. ಫೀಸಿನ ಪೂರ್ತಿ ಮನ್ನಾ ಸಿಕ್ಕರೆ 36 ಲಕ್ಷ ಕಡಿಮೆಯಾಗಿ ಇಡೀ ಲೆಕ್ಕ ತಲೆಕೆಳಗಾಗುತ್ತದೆ, ಆಗ ನಾನೂ ಹೋಗು ಎಂದೇ ಹೇಳುತ್ತೇನೆ. ಆದರೆ “ಅಲ್ಲಿ ಹೋದ ಮೇಲೆ ಸಿಗುತ್ತದೆ” ಎಂಬ ಭರವಸೆಯನ್ನು ಸೊನ್ನೆ ಎಂದೇ ಬರೆದುಕೊಳ್ಳಬೇಕು.

ದೇಶ ಬದಲಿಸಿದರೂ ಲೆಕ್ಕ ಬದಲಾಗುತ್ತದೆ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸಿಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಇದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ತಗೊಳ್ಳುತ್ತಿದೆ. ವೀಸಾಕ್ಕೆ ವರ್ಷಕ್ಕೆ 11,904 ಯೂರೊವನ್ನು ಬ್ಲಾಕ್ ಮಾಡಿದ ಖಾತೆಯಲ್ಲಿ ತೋರಿಸಬೇಕು. ಅದು ಫೀಸಲ್ಲ, ತಿಂಗಳಿಗೆ 992 ಯೂರೊದಂತೆ ನಿಮ್ಮ ಖರ್ಚಿಗೇ ವಾಪಸ್ ಬರುವ ಹಣ. ಎರಡು ವರ್ಷಕ್ಕೆ 25 ಲಕ್ಷದ ಸುತ್ತ ಮುಗಿಯುತ್ತದೆ. ಓದಿದ ಮೇಲೆ ಕೆಲಸ ಹುಡುಕಲು ಹದಿನೆಂಟು ತಿಂಗಳು ಬಿಡುತ್ತಾರೆ, ಲಾಟರಿ ಇಲ್ಲ. ಸಂಬಳ ಅಮೆರಿಕಕ್ಕಿಂತ ಕಡಿಮೆ, ತೆರಿಗೆ ಜಾಸ್ತಿ, ಜರ್ಮನ್ ಭಾಷೆ ಬಾರದವರಿಗೆ ಕೆಲಸ ಸಿಗುವುದು ನಿಧಾನ. ಕೋಟಿ ಬರುವುದಿಲ್ಲ, ಮನೆಯೂ ಹೋಗುವುದಿಲ್ಲ.

ನನ್ನ ಊಹೆಯ ಹದಿನಾಲ್ಕು ಮತ್ತು ಆರನ್ನು ನಿಮ್ಮ ವಿಶ್ವವಿದ್ಯಾಲಯಕ್ಕೆ ತಕ್ಕಂತೆ ತಿದ್ದಿಕೊಳ್ಳಲು ಒಂದು ಸಂಜೆಯ ಕೆಲಸ ಸಾಕು. ಲಿಂಕ್ಡ್‌ಇನ್‌ನಲ್ಲಿ ಆ ವಿಶ್ವವಿದ್ಯಾಲಯದ ಪುಟಕ್ಕೆ ಹೋಗಿ, ಹಳೇ ವಿದ್ಯಾರ್ಥಿಗಳಲ್ಲಿ ಹೋದ ವರ್ಷ ಇದೇ ಎಂಎಸ್ ಮುಗಿಸಿದವರನ್ನು ಹುಡುಕಿ. ಭಾರತದಲ್ಲಿ ಬಿಇ ಓದಿ ಹೋದವರನ್ನು ಆರಿಸಿ, ಕಂಡ ಕ್ರಮದಲ್ಲೇ ಮೂವತ್ತು ಜನರನ್ನು ಎಣಿಸಿ, ದೊಡ್ಡ ಕಂಪನಿಯ ಹೆಸರು ಇರುವವರನ್ನೇ ಹೆಕ್ಕಬೇಡಿ. ಈಗ ಪೂರ್ಣಾವಧಿ ಕೆಲಸ ಎಷ್ಟು ಜನಕ್ಕಿದೆ, ಇನ್ನೂ ‘ಕೆಲಸ ಹುಡುಕುತ್ತಿದ್ದೇನೆ’ ಎಂದು ಇರುವವರೆಷ್ಟು, ಅದೇ ವಿಶ್ವವಿದ್ಯಾಲಯದಲ್ಲಿ ಸಂಬಳವಿಲ್ಲದೆ ‘ವಾಲಂಟಿಯರ್’ ಎಂದು ಬರೆದುಕೊಂಡವರೆಷ್ಟು ನೋಡಿ. ಕೊನೆಯವರು ಹೆಚ್ಚಾಗಿ 90 ದಿನದ ಗಡಿಯಾರವನ್ನು ನಿಲ್ಲಿಸಲು ಹಾಗೆ ಮಾಡಿರುತ್ತಾರೆ, ಕೆಲಸ ಸಿಗದವರ ಪಟ್ಟಿಗೇ ಸೇರಿಸಿ. ಸೋತವರು ಅಲ್ಲಿ ತಮ್ಮ ಬಗ್ಗೆ ಬರೆದುಕೊಳ್ಳುವುದು ಕಡಿಮೆ, ಹಾಗಾಗಿ ಬಂದ ಅಂಕಿಯಲ್ಲಿ ಒಂದಿಷ್ಟು ಇಳಿಸಿಕೊಳ್ಳಬೇಕು. ಕನ್ಸಲ್ಟೆನ್ಸಿಯವರನ್ನು ಇದೇ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ. ಅವರಲ್ಲಿ ಅನೇಕರಿಗೆ ವಿದ್ಯಾರ್ಥಿ ಸೇರಿದ್ದಕ್ಕೆ ವಿಶ್ವವಿದ್ಯಾಲಯದಿಂದ ಕಮಿಷನ್ ಬರುತ್ತದೆ, ಕೆಲಸ ಸಿಕ್ಕಿದ್ದಕ್ಕಲ್ಲ.

ಹಣಕ್ಕೆ ಮೀರಿದ ಕಾರಣಗಳಿಂದ ಹೋಗುವವರೂ ಇದ್ದಾರೆ. ಒಂದು ಲ್ಯಾಬು, ಒಬ್ಬ ಪ್ರೊಫೆಸರು, ಬೇರೆ ದೇಶದಲ್ಲಿ ಬದುಕಿ ನೋಡುವ ಆಸೆ, ಮನೆಯಿಂದ ದೂರ ಇರುವ ಅಗತ್ಯ. ಅವು ಒಳ್ಳೆಯ ಕಾರಣಗಳೇ. ಅವನ್ನು ಖರ್ಚು ಎಂದು ಒಪ್ಪಿಕೊಂಡು ಹೋದರೆ ತೊಂದರೆಯಿಲ್ಲ. ಹೂಡಿಕೆ ಎಂಬ ಹೆಸರಿನಲ್ಲಿ ಅಪ್ಪನ ಮನೆ ಒತ್ತೆಯಿಟ್ಟು ಹೋದಾಗ ಮಾತ್ರ ಲೆಕ್ಕ ಕೇಳಬೇಕಾಗುತ್ತದೆ.

ಚೈತ್ರಾಳಿಗೆ ಈ ವರ್ಷವೇ ತೀರ್ಮಾನ ಮಾಡಬೇಕೆಂದೇನೂ ಇಲ್ಲ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಕೇಳಿಕೊಂಡರೆ ಸೀಟನ್ನು ಒಂದು ವರ್ಷ ಮುಂದಕ್ಕೆ ಹಾಕಿಕೊಡುತ್ತವೆ. ಕಟ್ಟಿದ ಡೆಪಾಸಿಟ್ ಮತ್ತು ಕೊಟ್ಟಿದ್ದ ಸ್ಕಾಲರ್‌ಶಿಪ್ ಮುಂದಿನ ವರ್ಷಕ್ಕೂ ನಡೆಯುತ್ತದೆಯೇ ಎಂಬುದನ್ನು ಇಮೇಲಿನಲ್ಲಿ ಬರೆಸಿಕೊಳ್ಳಬೇಕು, ಎಲ್ಲ ಕಡೆಯೂ ನಡೆಯುವುದಿಲ್ಲ. ಗೇಟ್ ಅಂಕ ಫಲಿತಾಂಶ ಬಂದ ದಿನದಿಂದ ಮೂರು ವರ್ಷ ಊರ್ಜಿತ. ಎನ್‌ಐಟಿಗಳ ಎಂ.ಟೆಕ್ ಸೀಟು ಹಂಚುವ ಸಿಸಿಎಂಟಿ ಕೌನ್ಸೆಲಿಂಗ್ ಪ್ರತಿ ಬೇಸಿಗೆಯಲ್ಲೂ ನಡೆಯುತ್ತದೆ.